ಒಂದೇ ಪುಸ್ತಕ 32 ಸಲ: ಕಣ್ಣಿಗೆ ಸಿಕ್ಕಿಬೀಳದ ನಕಲು

ಸಂಘದ ವಾರ್ಷಿಕೋತ್ಸವಕ್ಕೆ ನಾಟಕ ನಿಶ್ಚಯವಾಯಿತೆಂದರೆ ರಂಗಸಜ್ಜಿಕೆಯ ಚಿಂತೆಯೂ ಜೊತೆಗೇ ಬರುತ್ತದೆ. ಹಿಂದೆಲ್ಲ ಪರದೆ ಬರೆಯುವ ಕಲಾವಿದರು ಇದ್ದರು. ಅರಮನೆ, ಕಾಡು, ಬೀದಿ ಎಂದು ಸುರುಳಿ ಸುತ್ತಿಟ್ಟ ಪರದೆಗಳು ಬಾಡಿಗೆಗೂ ಸಿಗುತ್ತಿದ್ದವು. ಈಗ ನಮ್ಮಲ್ಲಿ ಕಂಪ್ಯೂಟರ್ ಬಲ್ಲವರು ಯಾರಾದರೂ ಮನೆಯಲ್ಲೇ ಚಿತ್ರ ಸಿದ್ಧಪಡಿಸುತ್ತಾರೆ, ಅದನ್ನು ಬಟ್ಟೆಯ ಮೇಲೋ ಫ್ಲೆಕ್ಸ್ ಮೇಲೋ ಮುದ್ರಿಸಿ ತಂದು ಕಟ್ಟುತ್ತೇವೆ. ಕೆಲಸ ಹಗುರವಾಯಿತು, ನಿಜ. ಆದರೆ ಅದರೊಂದಿಗೆ ಒಂದು ಹೊಸ ತೊಂದರೆಯೂ ಬಂತು. ವಕೀಲರ ಓದುವ ಕೋಣೆ ಬೇಕೆಂದು ಒಂದು ಕಪಾಟಿನ ಫೋಟೋ ತೆಗೆದು ಅದನ್ನೇ ಅಕ್ಕಪಕ್ಕ, ಮೇಲೆ ಕೆಳಗೆ ಅಂಟಿಸಿಬಿಡುತ್ತೇವೆ. ಪರದೆ ಎದ್ದ ಎರಡೇ ನಿಮಿಷಕ್ಕೆ ಹಿಂದಿನ ಸಾಲಿನ ಮಗುವೊಂದು, “ಅಮ್ಮಾ, ಆ ಹರಿದ ಕೆಂಪು ಪುಸ್ತಕ ಎಲ್ಲಾ ಕಡೆನೂ ಇದೆ!” ಎಂದು ಕೂಗುತ್ತದೆ. ಆಮೇಲೆ ವಕೀಲರ ಸಂಭಾಷಣೆ ಕೇಳುವವರಾರು? ಸಭೆಯೆಲ್ಲ ಕೆಂಪು ಪುಸ್ತಕ ಎಣಿಸುತ್ತ ಕೂರುತ್ತದೆ.

ಕೈಯಲ್ಲಿರುವ ನಾಲ್ಕಾರು ವಸ್ತುಗಳಿಂದ ನೂರಾರು ವಸ್ತುಗಳನ್ನು ಸೃಷ್ಟಿಸುವುದು, ಆದರೂ ಅವು ಪಡಿಯಚ್ಚುಗಳೆಂದು ತೋರದಂತೆ ನೋಡಿಕೊಳ್ಳುವುದು ಹೇಗೆ? ಪುಸ್ತಕದ ಕಪಾಟನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಮೊದಲಿನಿಂದ ಕೊನೆಯವರೆಗೆ ನೋಡೋಣ. ಕಿಟಕಿ ಮತ್ತು ಎಲೆಗಳ ವಿಷಯ ಸ್ವಲ್ಪ ಬೇರೆಯಾದ್ದರಿಂದ ಅದನ್ನು ಕೊನೆಯಲ್ಲಿ ಹೇಳುತ್ತೇನೆ. ನಾನಿಲ್ಲಿ ಆರಿಸಿಕೊಂಡಿರುವುದು ಗಿಂಪ್ ಎಂಬ ತಂತ್ರಾಂಶ. ಇದಕ್ಕೆ ಹಣ ಕೊಡಬೇಕಾಗಿಲ್ಲ. ಬೇರೆ ತಂತ್ರಾಂಶ ಬಳಸುವವರಿಗೂ ಇವೇ ಹೆಜ್ಜೆಗಳು ಅನ್ವಯಿಸುತ್ತವೆ.

ಕಣ್ಣು ಹಿಡಿಯುವುದು ಏನನ್ನು?

ಒಂದೇ ತೆರನಾದ ವಸ್ತುಗಳು ಸಾಲಾಗಿ ಇದ್ದರೆ ಕಣ್ಣಿಗೆ ಬೇಸರವಿಲ್ಲ. ಹೆಂಚಿನ ಮಾಡನ್ನು ನೋಡಿ ಯಾರೂ ನಕಲು ಎನ್ನುವುದಿಲ್ಲ. ಕಣ್ಣು ಹಿಡಿಯುವುದು ವಿಶೇಷ ಗುರುತು ಮರುಕಳಿಸಿದಾಗ. ಹರಿದ ಅಂಚು, ಓರೆಯಾದ ಚೀಟಿ, ಹೊಳೆಯುವ ಒಂದು ಚುಕ್ಕೆ ನಿಜ ಜೀವನದಲ್ಲಿ ಒಮ್ಮೆ ಮಾತ್ರ ಆಗುವಂಥವು. ಅವು ಎರಡನೆಯ ಸಲ ಕಂಡೊಡನೆ ಮನಸ್ಸು ಮೂರನೆಯದನ್ನು ಹುಡುಕಲು ಹೊರಡುತ್ತದೆ. ಆ ಮೂರೂ ಸಮ ಅಂತರದಲ್ಲಿದ್ದರಂತೂ ಗುಟ್ಟು ರಟ್ಟಾದಂತೆಯೇ.

ಇದಕ್ಕೆ ಲೋಕಪ್ರಸಿದ್ಧ ನಿದರ್ಶನವೊಂದಿದೆ. 2006ರ ಆಗಸ್ಟ್‌ನಲ್ಲಿ ಬೈರೂತ್ ನಗರದ ಮೇಲೆ ಬಾಂಬ್ ದಾಳಿಯ ನಂತರ ಎದ್ದ ಹೊಗೆಯ ಚಿತ್ರವೊಂದನ್ನು ರಾಯಿಟರ್ಸ್ ಸುದ್ದಿಸಂಸ್ಥೆ ಪ್ರಕಟಿಸಿತು. ಛಾಯಾಗ್ರಾಹಕ ಹೊಗೆಯನ್ನು ದಟ್ಟವಾಗಿ ತೋರಿಸಲು ಅದರ ಸುರುಳಿಗಳನ್ನೇ ನಕಲು ಮಾಡಿ ಪಕ್ಕಪಕ್ಕದಲ್ಲಿ ಒತ್ತಿದ್ದ. ಒಂದೇ ಆಕಾರದ ಉಬ್ಬುಗಳು ಸಾಲಾಗಿ ನಿಂತಿದ್ದನ್ನು ಸಾಮಾನ್ಯ ಓದುಗರೇ ಕಂಡುಹಿಡಿದರು. ಸಂಸ್ಥೆ ಆ ಚಿತ್ರವನ್ನು ಹಿಂತೆಗೆದುಕೊಂಡು, ಆತನ 920 ಚಿತ್ರಗಳನ್ನೂ ತನ್ನ ಮಾರಾಟದ ಸಂಗ್ರಹದಿಂದ ತೆಗೆದುಹಾಕಿತು. ಸುದ್ದಿಯ ಚಿತ್ರದಲ್ಲಿ ಇಂಥ ಕೈಚಳಕ ಮೋಸವೇ ಸರಿ. ನಾಟಕದ ಪರದೆಯಲ್ಲಿ ಅದು ಕಸುಬು. ಆದರೆ ಸಿಕ್ಕಿಬೀಳುವ ಬಗೆ ಎರಡರಲ್ಲೂ ಒಂದೇ.

ಆದ್ದರಿಂದ ಮೊದಲ ನಿಯಮ ಹೀಗೆ: ನಕಲಿಗೆ ಆರಿಸುವ ಮೂಲ ವಸ್ತು ಸಪ್ಪೆಯಾಗಿರಲಿ. ವಿಶೇಷ ಗುರುತುಗಳನ್ನು ಮೊದಲು ಅಳಿಸಿರಿ. ನಕಲು ಮುಗಿದ ಮೇಲೆ ಅಲ್ಲೊಂದು ಇಲ್ಲೊಂದು ಹೊಸ ಗುರುತನ್ನು, ಪ್ರತಿಯೊಂದನ್ನೂ ಒಮ್ಮೆ ಮಾತ್ರ, ಸೇರಿಸಿರಿ.

ಲೆಕ್ಕ ಮೊದಲು, ಮೌಸ್ ಆಮೇಲೆ

ನಮ್ಮ ಪರದೆ 12 ಅಡಿ ಅಗಲ, 8 ಅಡಿ ಎತ್ತರ ಎಂದುಕೊಳ್ಳಿ. ರಂಗದ ಮೇಲಿನದನ್ನು ದೂರದಿಂದ ನೋಡುವುದರಿಂದ ಅಂಗುಲಕ್ಕೆ 50 ಚುಕ್ಕೆ ಇದ್ದರೆ ಸಾಕು. ಹಾಗಾದರೆ ಚಿತ್ರ 7200 ಚುಕ್ಕೆ ಅಗಲ, 4800 ಚುಕ್ಕೆ ಎತ್ತರವಾಗುತ್ತದೆ. ಅದರಲ್ಲಿ ಒಂದೊಂದು ಅಡಿಯ 8 ಅಂತಸ್ತು, ಅಡ್ಡಲಾಗಿ 3 ಅಡಿಯ 4 ಭಾಗ ಮಾಡಿದರೆ ಒಟ್ಟು 32 ಖಾನೆಗಳು. ಒಂದೂವರೆ ಅಂಗುಲ ದಪ್ಪದ ಪುಸ್ತಕ ಖಾನೆಗೆ 20ರಂತೆ ಇಟ್ಟರೆ 640 ಪುಸ್ತಕ ಬೇಕು. ಖಾನೆಯಲ್ಲಿ ಉಳಿಯುವ ಆರು ಅಂಗುಲ ಸುಮ್ಮನೆ ಬಿಟ್ಟದ್ದಲ್ಲ. ಅದರ ಉಪಯೋಗ ಮುಂದೆ ಬರುತ್ತದೆ.

ಇಲ್ಲಿ ಮೂರು ದಾರಿಗಳಿವೆ. ಒಂದು ಇಡೀ ಖಾನೆಯನ್ನು 32 ಸಲ ಅಂಟಿಸಿದರೆ ಹತ್ತು ನಿಮಿಷದ ಕೆಲಸ, ಆದರೆ ಮಗುವಿನ ಕೂಗು ಖಂಡಿತ. 640 ಪುಸ್ತಕಗಳನ್ನೂ ಒಂದೊಂದಾಗಿ ಜೋಡಿಸಿದರೆ ಚೆನ್ನಾಗಿಯೇ ಇರುತ್ತದೆ, ಆದರೆ ನಾಟಕದ ದಿನ ಕಳೆದುಹೋಗಿರುತ್ತದೆ. ನಡುವಿನ ದಾರಿಯೆಂದರೆ ಐದೈದು ಪುಸ್ತಕಗಳ ಕಟ್ಟು. ಅಂಥ 16 ಬೇರೆ ಬೇರೆ ಕಟ್ಟುಗಳನ್ನು ಮಾಡಿಕೊಂಡು, ಖಾನೆಗೆ ನಾಲ್ಕರಂತೆ ಹಂಚಬೇಕು. ಒಟ್ಟು 128 ಸ್ಥಾನಗಳು, ಒಂದೊಂದು ಕಟ್ಟಿಗೆ ಎಂಟು ಸ್ಥಾನ.

16 ಕಟ್ಟಿಗೆ 80 ಪುಸ್ತಕ ಬೇಕಲ್ಲ? ಅಷ್ಟು ಬೇಕಿಲ್ಲ. ಮನೆಯಲ್ಲಿರುವ 20 ದಪ್ಪ ಪುಸ್ತಕ ಸಾಕು. ಒಂದೊಂದಕ್ಕೂ ನಾಲ್ಕು ವೇಷ ಹಾಕಿಸಿದರೆ 80 ಆಯಿತು. ಹೀಗೆ ನಿಮ್ಮ ಮನೆಯ ಒಂದು ಪುಸ್ತಕ ಪರದೆಯ ಮೇಲೆ 32 ಸಲ ಬರುತ್ತದೆ, ಆದರೆ ಒಂದೇ ವೇಷದಲ್ಲಿ ಎಂಟು ಸಲ ಮಾತ್ರ.

ನಾಲ್ಕು ವೇಷ

ಪುಸ್ತಕಗಳನ್ನು ಸಾಲಾಗಿ ನಿಲ್ಲಿಸಿ, ಕ್ಯಾಮೆರಾವನ್ನು ಪುಸ್ತಕಗಳ ಮಟ್ಟಕ್ಕೇ ಹಿಡಿದು, ಆರೇಳು ಅಡಿ ದೂರದಿಂದ ನೇರವಾಗಿ ಫೋಟೋ ತೆಗೆಯಿರಿ. ಹತ್ತಿರದಿಂದ ತೆಗೆದರೆ ಅಂಚಿನ ಪುಸ್ತಕಗಳ ಪಕ್ಕದ ಮೈ ಕಾಣಿಸುತ್ತದೆ. ಆಮೇಲೆ ಅವನ್ನು ನಡುವೆ ಎಲ್ಲಿಟ್ಟರೂ ಒಗ್ಗುವುದಿಲ್ಲ. ಪ್ರತಿಯೊಂದು ಪುಸ್ತಕದ ಬೆನ್ನನ್ನೂ ಅದರ ನೆರಳು ಬಾರದಂತೆ ಅಂಚಿಗೆ ಸರಿಯಾಗಿ ಕತ್ತರಿಸಿ ಬೇರೆ ಬೇರೆ ಲೇಯರ್‌ನಲ್ಲಿ ಇಡಬೇಕು. ಲೇಯರ್‌ನ ಪ್ರತಿ ತೆಗೆಯಲು `Shift+Ctrl+D` ಒತ್ತಿದರಾಯಿತು.

ಮೊದಲ ವೇಷ ಪುಸ್ತಕದ ಸ್ವಂತ ರೂಪವೇ. ಎರಡನೆಯದು ಬಣ್ಣದ ಬದಲಾವಣೆ. `Colors > Hue-Saturation` ತೆರೆದು `Hue` ಗುಂಡಿಯನ್ನು ಸರಿಸಿದರೆ ಕೆಂಪು ಪುಸ್ತಕ ಹಸಿರಾಗುತ್ತದೆ, ನೀಲಿಯಾಗುತ್ತದೆ. ಆದರೆ ಬೆನ್ನಿನ ಮೇಲಿನ ಚಿನ್ನದ ಅಕ್ಷರಗಳೂ ಜೊತೆಗೆ ಬಣ್ಣ ಬದಲಿಸಿ ವಿಚಿತ್ರವಾಗಿ ಕಾಣುತ್ತವೆ. ಅದೇ ಕಿಟಕಿಯಲ್ಲಿ `R` ಎಂಬುದನ್ನು ಮೊದಲು ಆರಿಸಿದರೆ ಕೆಂಪು ಮಾತ್ರ ಬದಲಾಗಿ ಚಿನ್ನದ ಬಣ್ಣ ಬಹುಮಟ್ಟಿಗೆ ಉಳಿಯುತ್ತದೆ. ಇನ್ನೊಂದು ಎಚ್ಚರಿಕೆ: ಹಳೆಯ ರಟ್ಟಿನ ಪುಸ್ತಕಗಳು ಎಲ್ಲ ಬಣ್ಣದಲ್ಲೂ ಇರುವುದಿಲ್ಲ. ಮೆರೂನ್, ಕಡು ಹಸಿರು, ಕಡು ನೀಲಿ, ಕಂದು ಇಷ್ಟೇ ಸಾಮಾನ್ಯ. ಗುಲಾಬಿ, ನೇರಳೆ ಎಂದು ಹೊರಟರೆ ವಕೀಲರ ಕಪಾಟು ಬಳೆಯಂಗಡಿಯಾದೀತು.

ಮೂರನೆಯ ವೇಷದಲ್ಲಿ ಹೆಸರಿನ ಚೀಟಿಯನ್ನು ಅಳಿಸುತ್ತೇವೆ. ಕ್ಲೋನ್ ಉಪಕರಣ ಆರಿಸಿ, `Ctrl` ಒತ್ತಿಕೊಂಡು ಖಾಲಿ ರಟ್ಟಿನ ಮೇಲೆ ಒಮ್ಮೆ ಕ್ಲಿಕ್ ಮಾಡಿ, ನಂತರ ಚೀಟಿಯ ಮೇಲೆ ಬಳಿದರೆ ರಟ್ಟಿನ ಬಟ್ಟೆ ಅಲ್ಲಿಗೂ ಹಬ್ಬುತ್ತದೆ. ಒಂದೇ ಜಾಗದಿಂದ ಮತ್ತೆ ಮತ್ತೆ ಎತ್ತಿದರೆ ಮೀನಿನ ಹುರುಪೆಯಂಥ ಸಾಲು ಮೂಡುತ್ತದೆ, ಆದ್ದರಿಂದ ಎತ್ತುವ ಜಾಗವನ್ನು ಆಗಾಗ ಬದಲಿಸುತ್ತಿರಬೇಕು. ಪುಸ್ತಕವನ್ನು ಒಂದಿಷ್ಟು ಮಂಕು ಮಾಡಿದರೆ ಇದು ಹೊಸ ಪುಸ್ತಕವೇ ಸರಿ.

ನಾಲ್ಕನೆಯದು ಎತ್ತರದ ಬದಲಾವಣೆ. ಮನಸ್ಸಿಗೆ ಬಂದಂತೆ 93, 97, 104 ಪ್ರತಿಶತ ಎಂದು ಹಿಗ್ಗಿಸಿ ಕುಗ್ಗಿಸುವವರುಂಟು. ಹಾಗೆ ಮಾಡಿದರೆ ಕಪಾಟು ಹಲ್ಲು ಮುರಿದ ಬಾಚಣಿಗೆಯಂತೆ ಕಾಣುತ್ತದೆ. ಪುಸ್ತಕಗಳು ಕೆಲವೇ ಅಳತೆಗಳಲ್ಲಿ ಅಚ್ಚಾಗುತ್ತವೆ. ನಮ್ಮ ಕನ್ನಡ ಪುಸ್ತಕಗಳಲ್ಲಿ ಡೆಮಿ 1/8 ಎಂಬುದು ಸುಮಾರು ಎಂಟೂವರೆ ಅಂಗುಲ ಎತ್ತರ, ಕ್ರೌನ್ 1/8 ಸುಮಾರು ಏಳೂಕಾಲು ಅಂಗುಲ. ಎಂದರೆ ಡೆಮಿ ಪುಸ್ತಕವನ್ನು 85 ಪ್ರತಿಶತಕ್ಕೆ ಇಳಿಸಿದರೆ ಅದು ಸಹಜವಾಗಿ ಕ್ರೌನ್ ಅಳತೆಗೆ ಬರುತ್ತದೆ. ಬದಲಾವಣೆ ಬೇಕು, ಆದರೆ ಅದು ಆ ವಸ್ತುವಿಗೆ ಸಲ್ಲುವ ಬದಲಾವಣೆಯೇ ಆಗಿರಬೇಕು.

ಬಲವನ್ನು ಎಡ ಮಾಡುವ ತಿರುವು ಮಾತ್ರ ಬೇಡ. ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಅದೇ. ಆದರೆ ಬೆನ್ನಿನ ಅಕ್ಷರಗಳು ಕನ್ನಡಿಯಲ್ಲಿ ನೋಡಿದಂತೆ ತಿರುಗುತ್ತವೆ, ಎಡದಿಂದ ಬೀಳುತ್ತಿದ್ದ ಬೆಳಕು ಆ ಒಂದು ಪುಸ್ತಕಕ್ಕೆ ಮಾತ್ರ ಬಲದಿಂದ ಬೀಳುತ್ತದೆ.

ಚೀಟಿ ಎತ್ತಿದರೆ ಸಾಲದು

ಈಗ 16 ಕಟ್ಟುಗಳಿಗೆ 1ರಿಂದ 16ರವರೆಗೆ ಸಂಖ್ಯೆ ಕೊಡಿ. 128 ಸ್ಥಾನಗಳಿಗೆ ಹಂಚಬೇಕು. ಯೋಚನೆಯಿಲ್ಲದೆ ಚೀಟಿ ಎತ್ತಿದಂತೆ ಹಂಚಿದರೆ ಸಹಜವಾಗಿರುತ್ತದೆ ಎಂದು ನಿಮಗನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಒಂದು ಅಂತಸ್ತಿನಲ್ಲಿ 16 ಕಟ್ಟು, ಅವುಗಳ ನಡುವೆ 15 ಅಕ್ಕಪಕ್ಕದ ಜೋಡಿ. ಎಂಟು ಅಂತಸ್ತಿಗೆ 120. ಮೇಲೆ ಕೆಳಗಿನ ಜೋಡಿಗಳು 112. ಒಟ್ಟು 232 ಜೋಡಿಗಳು. ಪ್ರತಿ ಸಲವೂ 16ರಲ್ಲಿ ಒಂದನ್ನು ಕುರುಡಾಗಿ ಎತ್ತಿದರೆ, ಸರಾಸರಿ ಹದಿನಾಲ್ಕೂವರೆ ಕಡೆಗಳಲ್ಲಿ ಒಂದೇ ಕಟ್ಟು ತನ್ನ ಪಕ್ಕದಲ್ಲೋ ತಲೆಯ ಮೇಲೋ ತಾನೇ ಕೂತಿರುತ್ತದೆ! ಅದೃಷ್ಟಕ್ಕೆ ಬಿಟ್ಟದ್ದು ಗುಂಪುಗೂಡುವುದೇ ಅದರ ಸ್ವಭಾವ.

ಹಾಗೆಂದು 1, 2, 3, 4 ಎಂದು ಸರದಿಯ ಮೇಲೆ ಹಂಚಿದರೆ ಒಂದೇ ಪುಸ್ತಕ ನೆಟ್ಟಗೆ ಒಂದರ ಕೆಳಗೊಂದು ಬಂದು ಕಂಬ ನಿಲ್ಲುತ್ತದೆ. ಪ್ರತಿ ಅಂತಸ್ತಿನಲ್ಲಿ ಒಂದೊಂದು ಸ್ಥಾನ ಸರಿಸಿದರೆ ಕಂಬ ಹೋಗಿ ಓರೆಗೆರೆ ಬರುತ್ತದೆ. ಕಣ್ಣಿಗೆ ಓರೆಗೆರೆಯೂ ಗೆರೆಯೇ.

ಇದಕ್ಕೆ ಕಾಗದ ಪೆನ್ಸಿಲ್ಲೇ ಸರಿಯಾದ ಸಾಧನ. ಎಂಟು ಅಡ್ಡಸಾಲಿನ ಚೌಕಳಿ ಹಾಕಿ, ಸಂಖ್ಯೆಗಳನ್ನು ಕೈಯಿಂದ ತುಂಬಿರಿ. ನಿಯಮ ಎರಡೇ: ಒಂದೇ ಖಾನೆಯಲ್ಲಿ ಒಂದು ಸಂಖ್ಯೆ ಎರಡು ಸಲ ಬೇಡ, ಮತ್ತು ಯಾವ ದಿಕ್ಕಿನಲ್ಲೇ ಆಗಲಿ ಒಂದೇ ಸಂಖ್ಯೆಯ ಎರಡು ಕಟ್ಟುಗಳ ನಡುವೆ ಎರಡಡಿಯಾದರೂ ಅಂತರವಿರಲಿ. ತುಂಬಿದ ಮೇಲೆ ಯಾವುದಾದರೂ ಒಂದು ಸಂಖ್ಯೆಯನ್ನು ಆರಿಸಿ ಅದರ ಎಂಟು ಸ್ಥಾನಗಳಿಗೂ ಸುತ್ತು ಹಾಕಿ ನೋಡಿ. ಗೆರೆಯೋ ಚೌಕವೋ ಮೂಡಿದರೆ ಎರಡನ್ನು ಅದಲು ಬದಲು ಮಾಡಿ. ಇದು ಒಂದು ಮಧ್ಯಾಹ್ನದ ಕೆಲಸ.

ಕಂಪ್ಯೂಟರಿನಲ್ಲಿ ಜೋಡಿಸುವಾಗ ಪ್ರತಿ ಕಟ್ಟಿನಲ್ಲೂ ಒಂದು ಪುಸ್ತಕವನ್ನು ತೆಗೆದು ಬೇರೊಂದನ್ನು ಇಡಿ, ಅಥವಾ ಎರಡರ ಸ್ಥಾನ ಬದಲಿಸಿ. ಹೀಗೆ ಎಂಟು ಸಲ ಬರುವ ಕಟ್ಟು ಎಂಟು ಸಲವೂ ಕೊಂಚ ಬೇರೆಯಾಗುತ್ತದೆ. ಆ ಉಳಿದ ಆರು ಅಂಗುಲ ಈಗ ಕೆಲಸಕ್ಕೆ ಬರುತ್ತದೆ. ಒಂದು ಖಾನೆಯಲ್ಲಿ ಕೊನೆಯ ಪುಸ್ತಕ ಓರೆಯಾಗಿ ಒರಗಲಿ, ಇನ್ನೊಂದರಲ್ಲಿ ಎರಡು ಪುಸ್ತಕ ಅಡ್ಡ ಮಲಗಲಿ, ಮತ್ತೊಂದರಲ್ಲಿ ಹಿತ್ತಾಳೆಯ ಗಡಿಯಾರ ಕೂರಲಿ, ಕೆಲವು ಕಡೆ ಸುಮ್ಮನೆ ಕತ್ತಲೆ ಇರಲಿ. ಗಡಿಯಾರ ಮಾತ್ರ ಇಡೀ ಪರದೆಗೆ ಒಂದೇ!

ನೆರಳು ಕೊನೆಯಲ್ಲಿ. ಹೊಸ ಲೇಯರ್ ತೆರೆದು ಅದರ `Mode` ಅನ್ನು `Multiply` ಮಾಡಿ, ಮೃದುವಾದ ಕಪ್ಪು ಕುಂಚದಿಂದ ತೆಳುವಾಗಿ ಬಳಿಯಿರಿ. ಪ್ರತಿ ಹಲಗೆಯ ಕೆಳಗೆ, ಹಾಗೂ ಎತ್ತರದ ಪುಸ್ತಕದ ಬಲಕ್ಕಿರುವ ಗಿಡ್ಡ ಪುಸ್ತಕದ ಮೇಲೆ. ಪುಸ್ತಕವನ್ನು ನೆರಳಿಲ್ಲದೆ ಕತ್ತರಿಸಿದ್ದು ಇದಕ್ಕಾಗಿಯೇ. ನೆರಳು ಪಕ್ಕದವನನ್ನು ಅವಲಂಬಿಸಿದ್ದು. ಪಕ್ಕದಲ್ಲಿ ಗಿಡ್ಡ ಪುಸ್ತಕವಿದ್ದರೂ ಎತ್ತರದವನ ನೆರಳು ಬಿದ್ದಿದ್ದರೆ ಅದೂ ಕಳ್ಳನನ್ನು ಹಿಡಿದುಕೊಡುವ ಸಾಕ್ಷಿಯೇ.

ಸಿಕ್ಕಿಬೀಳುತ್ತದೆಯೋ ಇಲ್ಲವೋ?

ಮುದ್ರಣಕ್ಕೆ ಕೊಡುವ ಮೊದಲು ಮೂರು ಪರೀಕ್ಷೆಗಳು. ಚಿತ್ರವನ್ನು ಅಂಚೆ ಕಾರ್ಡಿನಷ್ಟು ಚಿಕ್ಕದಾಗಿಸಿ ನೋಡಿ. ಹತ್ತಿರದಿಂದ ಕಾಣದ ಗೆರೆ, ಕಂಬಗಳು ಆಗ ಎದ್ದು ಬರುತ್ತವೆ. ಎರಡನೆಯದಾಗಿ, ಇಡೀ ಚಿತ್ರವನ್ನು ಎಡಬಲ ತಿರುಗಿಸಿ ನೋಡಿ. ದಿನಗಟ್ಟಲೆ ನೋಡಿ ಪಳಗಿದ ನಮ್ಮ ಕಣ್ಣಿಗೆ ಅದು ಹೊಸ ಚಿತ್ರವಾಗಿ ತಪ್ಪುಗಳು ತೋರುತ್ತವೆ. ನೋಡಿದ ಮೇಲೆ ಮತ್ತೆ ಮೊದಲಿನಂತೆ ತಿರುಗಿಸಲು ಮರೆಯಬೇಡಿ.

ಮೂರನೆಯದು ಕಂಪ್ಯೂಟರಿನಿಂದಲೇ ಸಾಧ್ಯವಾದ ಪರೀಕ್ಷೆ. `Ctrl+D` ಒತ್ತಿ ಚಿತ್ರದ ಪ್ರತಿಯೊಂದನ್ನು ತೆರೆದು, `Image > Flatten Image` ಕೊಟ್ಟು ಎಲ್ಲ ಲೇಯರ್‌ಗಳನ್ನೂ ಒಂದಾಗಿಸಿ. ಆ ಲೇಯರ್‌ನ ಪ್ರತಿ ತೆಗೆದು, ಮೇಲಿನದರ `Mode` ಅನ್ನು `Difference` ಮಾಡಿ. ಚಿತ್ರವೆಲ್ಲ ಕಪ್ಪಾಗುತ್ತದೆ, ಏಕೆಂದರೆ ಎರಡಕ್ಕೂ ವ್ಯತ್ಯಾಸವಿಲ್ಲ. ಈಗ ಮೇಲಿನದನ್ನು ಒಂದು ಖಾನೆಯಷ್ಟು, ಅಂದರೆ 1800 ಚುಕ್ಕೆ ಪಕ್ಕಕ್ಕೆ ಸರಿಸಿ. ಬಣ್ಣಗಳು ಮೂಡುತ್ತವೆ. ಎಲ್ಲಿ ಅಚ್ಚ ಕಪ್ಪು ಉಳಿಯುತ್ತದೆಯೋ ಅಲ್ಲಿ ಅಕ್ಕಪಕ್ಕದ ಖಾನೆಗಳಲ್ಲಿ ಒಂದೇ ಸ್ಥಾನದಲ್ಲಿ ಒಂದೇ ವಸ್ತು ಇದೆ ಎಂದರ್ಥ. ಹಾಗೆಯೇ 600 ಚುಕ್ಕೆ ಕೆಳಕ್ಕೆ ಸರಿಸಿ ಅಂತಸ್ತುಗಳನ್ನು ಪರೀಕ್ಷಿಸಿ. ಬಹಳ ಸಲ ಕಪ್ಪಾಗಿ ಉಳಿಯುವುದು ಪುಸ್ತಕವಲ್ಲ, ನಾವು ಗಮನಿಸದೆ ಬಿಟ್ಟ ಹಲಗೆ! ಮರದ ಗಂಟೊಂದು ಮೂರಡಿಗೊಮ್ಮೆ ಮರುಕಳಿಸುತ್ತಿರುತ್ತದೆ. ಗಂಟಿಲ್ಲದ ಹಲಗೆಯನ್ನು ಆರಿಸುವುದೇ ಇದಕ್ಕೆ ಮದ್ದು.

ಕಿಟಕಿಗಳು

ಪುಸ್ತಕದ ನಿಯಮವನ್ನು ಕಿಟಕಿಗೆ ಹಚ್ಚಿದರೆ ಕೆಲಸ ಕೆಡುತ್ತದೆ. ಮುಂಬಯಿಯ ಚಾಳಿನ ಪರದೆ ಬೇಕೆನ್ನಿ. ಅಲ್ಲಿ ಕಿಟಕಿಯ ಅಳತೆ, ಅಂತರ ಎಲ್ಲವೂ ಒಂದೇ ಆಗಿರಲೇಬೇಕು. ಗಾರೆಯವನು ದಾರ ಹಿಡಿದು ಕಟ್ಟಿದ ಗೋಡೆ ಅದು. ಒಂದು ಕಿಟಕಿ ಒಂದಿಷ್ಟು ದೊಡ್ಡದಾದರೂ ಕಟ್ಟಡ ಸೊಟ್ಟಗಾಗುತ್ತದೆ. ಬದಲಾಗಬೇಕಾದದ್ದು ಒಳಗಿನ ಸಂಸಾರ. ಒಂದರ ಕದ ಮುಚ್ಚಿರಲಿ, ಇನ್ನೊಂದರದು ಅರ್ಧ ತೆರೆದಿರಲಿ, ಒಂದರಲ್ಲಿ ಪರದೆ ಎಳೆದಿರಲಿ, ಒಂದರ ಕೆಳಗೆ ಮಳೆನೀರಿನ ಕಲೆ ಇಳಿದಿರಲಿ. ಚೌಕಟ್ಟು ಒಂದು ಲೇಯರ್‌ನಲ್ಲಿ, ಕದ, ಪರದೆ, ಕಲೆಗಳು ಬೇರೆ ಬೇರೆ ಲೇಯರ್‌ಗಳಲ್ಲಿ ಇದ್ದರೆ ಇವನ್ನು ಬೇಕಾದಂತೆ ಬೆರೆಸಬಹುದು. ನಾಲ್ಕು ಬಗೆಯ ಕದ, ಮೂರು ಬಗೆಯ ಪರದೆ, ಎರಡು ಬಗೆಯ ಕಲೆ ಇದ್ದರೆ 24 ಬೇರೆ ಬೇರೆ ಕಿಟಕಿಗಳಾದವು.

ಮುಖ್ಯವಾಗಿ, ಮೊದಲ ಮಹಡಿಯ ಕಿಟಕಿಯನ್ನು ನಾಲ್ಕನೆಯ ಮಹಡಿಗೆ ಒಯ್ಯಬೇಡಿ. ಬೀದಿಯಲ್ಲಿ ನಿಂತು ನೋಡುವವರಿಗೆ ಮೇಲಿನ ಮಹಡಿಯ ಸಜ್ಜಾದ ಅಡಿಭಾಗ ಹೆಚ್ಚು ಕಾಣಿಸುತ್ತದೆ. ಗಾಜಿನಲ್ಲಿ ಕೆಳಗೆ ಎದುರುಮನೆ ಪ್ರತಿಫಲಿಸಿದರೆ ಮೇಲೆ ಆಕಾಶ ಪ್ರತಿಫಲಿಸುತ್ತದೆ. ಆಯಾ ಮಹಡಿಯ ಕಿಟಕಿಯನ್ನು ಆಯಾ ಮಹಡಿಯಲ್ಲೇ ನಕಲು ಮಾಡಬೇಕು.

ಎಲೆಗಳು

ಮಾವಿನ ಮರದ ಎಲೆಗಳನ್ನು ಒಂದೊಂದಾಗಿ ಇಡುವುದು ಆಗದ ಮಾತು. ಇದಕ್ಕೆ ಗಿಂಪ್‌ನಲ್ಲಿ ಒಂದು ಸೊಗಸಾದ ವ್ಯವಸ್ಥೆಯಿದೆ. ಎಂಟು ಎಲೆಗಳನ್ನು ಒಂದೇ ಅಳತೆಯ ಎಂಟು ಲೇಯರ್‌ಗಳಲ್ಲಿ ಇಟ್ಟು, ಕಡತವನ್ನು `.gih` ಎಂಬ ರೂಪದಲ್ಲಿ ರಫ್ತು ಮಾಡಿ, ಅಲ್ಲಿ ಕೇಳಿದಾಗ `random` ಎಂದು ಆರಿಸಿದರೆ ಅದೊಂದು ಕುಂಚವಾಗುತ್ತದೆ. ಆ ಕಡತವನ್ನು ಗಿಂಪ್‌ನ `brushes` ಫೋಲ್ಡರ್‌ಗೆ ಹಾಕಿಕೊಂಡು ಬಳಿಯುತ್ತ ಹೋದರೆ ಎಂಟರಲ್ಲಿ ಯಾವುದೋ ಒಂದು ಎಲೆ ಉದುರುತ್ತ ಹೋಗುತ್ತದೆ.

ಎಲೆಗಳನ್ನು ಎಲ್ಲ ದಿಕ್ಕಿಗೂ ತಿರುಗಿಸುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಬೆಳೆದ ಮಾವಿನೆಲೆ ಕೆಳಮುಖವಾಗಿ ಜೋತುಬೀಳುತ್ತದೆ. ಎಂಟೂ ಎಲೆಗಳು ಎಡಕ್ಕೋ ಬಲಕ್ಕೋ ತುಸು ವಾಲಿ ಕೆಳಗೇ ನೋಡುತ್ತಿರಲಿ, ಒಂದೆರಡರ ತಿಳಿಬಣ್ಣದ ಬೆನ್ನು ಕಾಣಲಿ. ಎಲೆಯ ಫೋಟೋವನ್ನು ಮೋಡ ಕವಿದ ಹೊತ್ತಿನಲ್ಲಿ ತೆಗೆಯಬೇಕು. ಬಿಸಿಲಿನಲ್ಲಿ ತೆಗೆದರೆ ಹೊಳಪೂ ನಕಲಾಗಿ ಪ್ರತಿ ಎಲೆಯ ಮೇಲೂ ಅದೇ ಚುಕ್ಕೆ ಮಿನುಗುತ್ತದೆ. ಹಿಂದೆ ಕಡು ಬಣ್ಣದ ಎಲೆಗಳ ಒಂದು ಲೇಯರ್, ಅದರ ಮುಂದೆ ನಡುಬಣ್ಣದ್ದು, ಎಲ್ಲಕ್ಕೂ ಮುಂದೆ ಬೆಳಕು ಬಿದ್ದ ಎಲೆಗಳದ್ದು. ಹಿಂದಿನವೆರಡನ್ನೂ ಕುಂಚದಿಂದ ಧಾರಾಳವಾಗಿ ಬಳಿಯಬಹುದು. ನೋಡುವವರ ಕಣ್ಣು ನಿಲ್ಲುವ ಮುಂದಿನ ಇಪ್ಪತ್ತು ಮೂವತ್ತು ಎಲೆಗಳನ್ನು ಮಾತ್ರ ಕೈಯಿಂದಲೇ ಇಡಬೇಕು.

ಎಲ್ಲಿ ನಿಲ್ಲಿಸಬೇಕು?

ಬದಲಾವಣೆಯ ಉತ್ಸಾಹ ಮಿತಿ ಮೀರಿದರೆ ಅದೂ ಕೃತಕವೇ. ನಿಜವಾದ ಕಪಾಟನ್ನು ನೋಡಿ. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ 8 ಸಂಪುಟಗಳು ಇದ್ದರೆ ಅವೆಲ್ಲ ಒಂದೇ ಕುಟುಂಬದವರಂತೆ ಜೊತೆಯಾಗಿಯೇ ನಿಂತಿರುತ್ತವೆ. ವಕೀಲರ ಮನೆಯಲ್ಲಂತೂ ವರ್ಷವರ್ಷದ ತೀರ್ಪುಗಳ ಸಂಪುಟಗಳು ಒಂದೇ ಬಣ್ಣ, ಒಂದೇ ಎತ್ತರ, ಒಂದೇ ಪಟ್ಟಿ. ಬದಲಾಗುವುದು ಬೆನ್ನಿನ ಮೇಲಿನ ಸಂಖ್ಯೆ ಮಾತ್ರ. ಆದ್ದರಿಂದ 32 ಖಾನೆಗಳಲ್ಲಿ ಮೂರ್ನಾಲ್ಕನ್ನು ಇಂಥ ಒಂದೇ ಬಗೆಯ ಸಂಪುಟಗಳಿಗೆ ಬಿಟ್ಟುಕೊಡಿ. ಒಂದೇ ಪುಸ್ತಕವನ್ನು ಸಾಲಾಗಿ ಅಂಟಿಸಿ, ಸಂಖ್ಯೆ ಬದಲಿಸಿ, ಹೆಚ್ಚು ಕೈ ಸವೆದ ಒಂದೆರಡರ ರಟ್ಟನ್ನು ಕೊಂಚ ಮಾಸಿಸಿ. ನೋಡುವವರು ಅದನ್ನು ನಕಲು ಎನ್ನುವುದಿಲ್ಲ, ಸಂಪುಟ ಎನ್ನುತ್ತಾರೆ. ಉಳಿದ ಖಾನೆಗಳಲ್ಲಿ ನೀವು ಮಾಡಿದ ನಕಲುಗಳನ್ನು ಅವರು ಹುಡುಕುವುದೂ ಇಲ್ಲ.